ಒಂದೇ ದಾರಿಗೆ ಎರಡು ಸುಂಕ

"ಬಿಡು, ಹೊಟ್ಟೆಗೆ ಹಾಕ್ಕೊಂಡಿದ್ದೀನಿ" ಎಂದು ಯಜಮಾನಿ ಹೇಳಿದ ಮಾತೇ ಡ್ರೈವರ್ ಕನ್ನಡಿಯ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತು.

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಸಂಬಳದಲ್ಲಿ ಮುರಿದುಕೊಂಡಿದ್ದರೆ ಜಗಳವಾಡುತ್ತಿದ್ದ. ಆಕೆ ಎರಡನ್ನೂ ಮಾಡಲಿಲ್ಲ. ಬಟ್ಟೆಯ ಗಂಟು ಇಳಿಸುತ್ತಿದ್ದ ನಾಲ್ಕಾರು ಜನರ ಎದುರಿಗೆ, ಮಗುವಿಗೆ ಹೇಳುವ ಹಾಗೆ, "ಇನ್ನೊಂದ್ಸಲ ಹೀಗ್ಮಾಡ್ಬೇಡ. ಹೈವೇ ಗಾಡಿ ಸ್ವಲ್ಪ ದಿನ ಬೇರೆಯವರು ನೋಡ್ಕೋತಾರೆ. ನೀನು ಊರೊಳಗಿನ ರೂಟ್ ಮಾಡು" ಎಂದು ಹೇಳಿ, ಕ್ಷಮಿಸಿ, ಒಳಗೆ ಹೋದಳು. ಮಾಡದ ತಪ್ಪಿಗೆ ಸಿಕ್ಕ ಕ್ಷಮೆಯನ್ನು ಏನು ಮಾಡುವುದು? ಹಿಂದಕ್ಕೆ ಕೊಡಲು ಬರುವುದಿಲ್ಲ, ಇಟ್ಟುಕೊಳ್ಳಲೂ ಆಗುವುದಿಲ್ಲ.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಹಾಸಿಗೆಯ ಹೊದಿಕೆ, ರೋಗಿಗಳ ಗೌನು, ಶಸ್ತ್ರಚಿಕಿತ್ಸೆಯ ಕೋಣೆಯ ಹಸಿರು ಬಟ್ಟೆ ಎಲ್ಲ ಬೆಳಗ್ಗೆ ಹೋಗಿ ಸಂಜೆ ಕೊಳೆಯಾಗಿ ಬರುತ್ತಿದ್ದವು. ಹೆದ್ದಾರಿಯ ಆಚೆ ತುದಿಯ ದೊಡ್ಡ ಆಸ್ಪತ್ರೆಗೆ ವ್ಯಾನ್ ಒಯ್ಯುವುದು ಆರೇಳು ವರ್ಷಗಳಿಂದ ಇವನ ಕೆಲಸ. ಗಾಡಿ ಹೊರಡಿಸುವ ಮುಂಚೆ ಎರಡೂ ಬದಿಯ ಕನ್ನಡಿಗಳನ್ನು ಅಂಗಿಯ ತುದಿಯಿಂದ ಒರೆಸದೆ ಸೀಟಿಗೆ ಹತ್ತುವವನಲ್ಲ. ಹಾಗಾಗಿ ಅವನ ನಿಜವಾದ ಹೆಸರು ಸಂಬಳದ ದಿನ ಮಾತ್ರ ಕೇಳಿಬರುತ್ತಿತ್ತು, ಉಳಿದ ದಿನ ಅವನು ಕನ್ನಡಿ, ಕಿರಿಯರಿಗೆ ಕನ್ನಡಿಯಣ್ಣ.

ನಡೆದದ್ದು ಇಷ್ಟು. ವ್ಯಾನಿನ ಮುಂದಿನ ಗಾಜಿಗೆ ಅಂಟಿಸಿದ ಟೋಲ್ ಟ್ಯಾಗಿನಲ್ಲಿ ದುಡ್ಡು ಮುಗಿಯುತ್ತ ಬಂದಿತ್ತು. ಆ ಬೆಳಗ್ಗೆ ಕನ್ನಡಿ ಹೊರಟ ಮೇಲೆ ಲೆಕ್ಕದ ಮೇಷ್ಟ್ರಿಗೆ ಅದು ನೆನಪಾಗಿ ಫೋನಿನಲ್ಲೇ ರೀಚಾರ್ಜ್ ಮಾಡಿದರು. ಮೇಷ್ಟ್ರು ಹಿಂದೆ ಶಾಲೆಯಲ್ಲಿ ಗಣಿತ ಕಲಿಸಿದವರು, ನಡುವೆ ಒಂದಷ್ಟು ಕಾಲ ಲಾರಿ ಆಫೀಸಿನಲ್ಲಿ ಲೆಕ್ಕ ಬರೆದು ಇಲ್ಲಿಗೆ ಬಂದವರು. "ಹಾಕಿದ್ದೀನಪ್ಪಾ, ಸಕ್ಸೆಸ್ ಅಂತ ಬಂತು, ಧೈರ್ಯವಾಗಿ ಹೋಗು" ಎಂದು ಅವರೇ ಕರೆ ಮಾಡಿ ಹೇಳಿದ್ದರು. ಕನ್ನಡಿ ಧೈರ್ಯವಾಗಿಯೇ ಹೋದ. ಟೋಲಿನ ನಡುವಿನ ಲೇನಿನಲ್ಲಿ ನಿಂತರೆ ಗೇಟು ಏಳಲಿಲ್ಲ, ಕೆಂಪು ದೀಪ ಹತ್ತಿತು.

"ಟ್ಯಾಗ್ ಬ್ಲಾಕ್ ಆಗಿದೆ. ಬ್ಯಾಲೆನ್ಸ್ ಇಲ್ಲ" ಎಂದು ಬೂತಿನ ಹುಡುಗಿ ಹೇಳಿದಳು.

"ಈಗ ತಾನೇ ಹಾಕಿದಾರಮ್ಮಾ."

"ನಮ್ಮ ಸ್ಕ್ರೀನಿಗೆ ಬಂದಿಲ್ಲ ಅಣ್ಣ. ಹಿಂದೆ ನೋಡಿ, ಎಷ್ಟು ಜನ ಹಾರ್ನ್ ಹೊಡೀತಿದ್ದಾರೆ. ಸ್ವಲ್ಪ ರಿವರ್ಸ್ ತಗೊಂಡು ಕೊನೇ ಲೇನಿಗೆ ಹೋಗಿ. ಅಲ್ಲಿ ಕ್ಯಾಶ್ ತಗೋತಾರೆ. ಡಬಲ್ ಆಗತ್ತೆ."

ಮೇಷ್ಟ್ರಿಗೆ ಫೋನು ಹಚ್ಚಿದ. ಅವರು ಬೇರೆ ಕರೆಯಲ್ಲಿದ್ದರು. ವ್ಯಾನಿನೊಳಗೆ ಆ ದಿನದ ಶಸ್ತ್ರಚಿಕಿತ್ಸೆಗಳಿಗೆ ಬೇಕಾದ ಹಸಿರು ಬಟ್ಟೆ ಇತ್ತು. ಅದು ತಡವಾದರೆ ಆಸ್ಪತ್ರೆಯ ನರ್ಸಮ್ಮ ಕೇಳುವುದು ಟೋಲಿನವರನ್ನಲ್ಲ, ಇವನನ್ನು. ಹಿಂದಿದ್ದ ಲಾರಿಗಳನ್ನು ಕೈಮುಗಿದು ಹಿಂದೆ ಸರಿಸಿ, ಕೊನೆಯ ಲೇನಿಗೆ ಹೋಗಿ, ಜೇಬಿನಿಂದ ಎರಡರಷ್ಟು ಕೊಟ್ಟು, ಅವರು ಕೊಟ್ಟ ಚೀಟಿ ಮಡಚಿ ಇಟ್ಟುಕೊಂಡು ಹೋದ. ಸಂಜೆ ಬರುವಾಗ ಅದೇ ಟ್ಯಾಗಿಗೆ ಗೇಟು ಸಲಾಮು ಹೊಡೆದ ಹಾಗೆ ಎದ್ದಿತು.

ತಿಂಗಳ ಕೊನೆಗೆ ಕನ್ನಡಿ ಚೀಟಿ ತೋರಿಸಿ ಆ ದುಡ್ಡು ಕೇಳಿದಾಗ ಮೇಷ್ಟ್ರು ಟ್ಯಾಗಿನ ಸ್ಟೇಟ್‌ಮೆಂಟ್ ತೆಗೆದು ನೋಡಿದರೆ, ಆ ದಿನ ಹೋಗುವಾಗಿನ ಸುಂಕವೂ ಟ್ಯಾಗಿನಿಂದಲೇ ಮುರಿದಿತ್ತು.

ಮೇಷ್ಟ್ರು ಕೆಟ್ಟವರಲ್ಲ, ಆದರೆ ಅವರ ತರ್ಕ ನೇರವಾಗಿತ್ತು. ರೀಚಾರ್ಜ್ ಆದದ್ದು ಮೊದಲು, ಗಾಡಿ ಟೋಲಿಗೆ ಹೋದದ್ದು ನಂತರ. ಟ್ಯಾಗಿನಿಂದ ದುಡ್ಡು ಹೋಗಿದೆ, ಅಂದರೆ ಟ್ಯಾಗ್ ಕೆಲಸ ಮಾಡಿದೆ. ಕೆಲಸ ಮಾಡಿದ ಟ್ಯಾಗ್ ಇರುವಾಗ ಯಾರೂ ಎರಡರಷ್ಟು ನಗದು ಕಟ್ಟುವುದಿಲ್ಲ. ಚೀಟಿಯಲ್ಲಿ ಗಾಡಿಯ ನಂಬರು ಇರಬೇಕಾದ ಜಾಗದಲ್ಲಿ ಬರೀ ಸೊನ್ನೆಗಳಿದ್ದವು. ಅವಸರದಲ್ಲಿ ಟೋಲಿನವರು ಹಾಗೆ ಒತ್ತುವುದುಂಟು. ಅದಕ್ಕೂ ಮೇಲೆ, ಚೀಟಿಯ ಮೇಲಿನ ಸಮಯಕ್ಕೂ ಸ್ಟೇಟ್‌ಮೆಂಟಿನ ಸಮಯಕ್ಕೂ ಅರ್ಧ ಗಂಟೆಯ ಅಂತರವಿತ್ತು. ಚೀಟಿಯೇ ಮೊದಲಿನದು. ಟೋಲಿನ ಆಚೆ ಬದಿಯಲ್ಲಿ ಜನ ಎಸೆದ ಚೀಟಿಗಳು ಒಣಗಿದ ಎಲೆಗಳ ಹಾಗೆ ಬಿದ್ದಿರುತ್ತವೆ. ಅದರಿಂದ ಒಂದನ್ನು ಆಯ್ದುಕೊಂಡು ಬಂದು ಮಾಲೀಕರಿಗೆ ತೋರಿಸುವ ಡ್ರೈವರುಗಳನ್ನು ಲಾರಿ ಆಫೀಸಿನಲ್ಲಿ ಮೇಷ್ಟ್ರು ಕಣ್ಣಾರೆ ಕಂಡಿದ್ದರು.

"ಮೊದಲೇ ಬಂದ್ಹೋದ ಯಾವುದೋ ಗಾಡಿಯವನ ಚೀಟಿ ಇದು" ಎಂದು ಅವರು ಯಜಮಾನಿಗೆ ಹೇಳಿದ್ದರು. ಆಕೆ ನಂಬಿದಳು. ಲೆಕ್ಕ ತಾಳೆಯಾಗುತ್ತಿದ್ದಾಗ ನಂಬದೆ ಇರುವುದು ಹೇಗೆ?

ಮನೆಯಲ್ಲಿ ಹೆಂಡತಿ ಹೊಲಿಗೆಯ ಯಂತ್ರದ ಮುಂದಿನಿಂದ ಏಳದೆಯೇ ಎಲ್ಲ ಕೇಳಿಸಿಕೊಂಡಳು.

"ಕೊಟ್ಟಿದ್ದು ನಿಜ ತಾನೆ?"

"ನೀನೂ ಕೇಳ್ತೀಯಾ?"

"ಕೇಳಿದ್ದಕ್ಕೆ ಯಾಕೆ ಉರ್ಕೋತೀರಿ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗೆ." ಹಲ್ಲಿನಲ್ಲಿ ಕಚ್ಚಿದ್ದ ದಾರ ತುಂಡರಿಸಿ ಅವನ ಮುಖ ನೋಡಿದಳು. ಗಂಡ ನಗಲಿಲ್ಲ ಎಂದು ಗೊತ್ತಾದ ಮೇಲೆ ದನಿ ಇಳಿಸಿದಳು. "ಹೋಗ್ಲಿ ಬಿಡಿ. ದುಡ್ಡೇನು ಅವರು ಮುರ್ಕೊಂಡಿಲ್ವಲ್ಲ. ಊರೊಳಗೆ ಓಡಿಸಿದ್ರೆ ಬೇಗ ಮನೆಗೆ ಬರ್ತೀರಿ, ನನಗೂ ಒಳ್ಳೇದೇ."

"ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ ಅಂತ ನಮ್ಮಪ್ಪ ಹೇಳ್ತಿದ್ದ."

"ನಿಮ್ಮಪ್ಪನ ಹತ್ರ ಆನೆಯೂ ಇರ್ಲಿಲ್ಲ, ಅಡಿಕೆಯೂ ಇರ್ಲಿಲ್ಲ."

"ಮಾನ ಇತ್ತಲ್ಲ."

ಅವಳು ಸ್ವಲ್ಪ ಹೊತ್ತು ಯಂತ್ರ ತುಳಿದು, ನಿಲ್ಲಿಸಿ ಹೇಳಿದಳು: "ಹಾಗಿದ್ರೆ ಇಲ್ಲಿ ಕೂತು ಮುಖ ಊದಿಸ್ಕೊಂಡ್ರೆ ಏನು ಬಂತು? ದುಡ್ಡು ತಗೊಂಡೋರನ್ನೇ ಹೋಗಿ ಕೇಳಿ."

ರಜೆಯ ದಿನ ಕನ್ನಡಿ ಬಸ್ಸು ಹತ್ತಿ ಟೋಲಿನ ಬಳಿ ಇಳಿದ. ಪ್ರತಿದಿನ ಗಾಜಿನ ಹಿಂದೆ ಕೂತು ದಾಟುತ್ತಿದ್ದ ಜಾಗ ನಡೆದು ಹೋದರೆ ಬೇರೆಯದೇ ಊರಿನಂತೆ ಕಂಡಿತು. ಲೇನುಗಳ ನೆತ್ತಿಯ ಮೇಲೆ ಚಪ್ಪಟೆ ಡಬ್ಬಗಳು ಮುಖ ಬಗ್ಗಿಸಿ ನಿಂತಿದ್ದವು. ಟ್ಯಾಗ್ ಓದುವುದು ಅವೇ ಎಂದು ಅವನಿಗೆ ಗೊತ್ತಿತ್ತು, ಆದರೆ ಇಷ್ಟು ಹತ್ತಿರದಿಂದ ನೋಡಿರಲಿಲ್ಲ. ಕೊನೆಯ ಲೇನಿನ ಮೇಲೂ ಅಂಥದ್ದೇ ಒಂದು ಡಬ್ಬ ಇತ್ತು. ಅಲ್ಲಿ ನಗದು ತೆಗೆದುಕೊಳ್ಳುತ್ತಾರೆ ಎಂದ ಮಾತ್ರಕ್ಕೆ ಅಲ್ಲಿ ಡಬ್ಬ ಇರುವುದಿಲ್ಲ ಎಂದು ಅವನು ಏಕೆ ಅಂದುಕೊಂಡಿದ್ದನೋ, ತನಗೇ ತಿಳಿಯಲಿಲ್ಲ.

ಬದಿಯ ಕಚೇರಿಯಲ್ಲಿ ಆ ಪಾಳಿಯ ಮೇಲ್ವಿಚಾರಕಿ ಕೂತಿದ್ದಳು. ನಡುವಯಸ್ಸಿನ ಹೆಂಗಸು, ದಿನವಿಡೀ ಬೈಸಿಕೊಂಡು ಬೈಗುಳಕ್ಕೆ ಬೆಲೆಯೇ ಇಲ್ಲದಂತೆ ಮಾಡಿಕೊಂಡವಳು.

"ಕುತ್ಕೊಳ್ಳಿ. ಮೊದಲು ಕೂಗಾಡ್ತೀರೋ, ವಿಷಯ ಹೇಳ್ತೀರೋ? ಕೂಗಾಡೋದಾದ್ರೆ ನಾನು ಅಷ್ಟರಲ್ಲಿ ಕಾಫಿ ಕುಡಿದು ಬಿಡ್ತೀನಿ."

"ಕೂಗಾಡೋಕೆ ಬಂದಿಲ್ಲಮ್ಮ. ತಿಳ್ಕೊಳ್ಳೋಕೆ ಬಂದೆ."

ಆ ಮಾತಿಗೆ ಆಕೆ ಕಾಫಿಯ ಲೋಟ ಪಕ್ಕಕ್ಕಿಟ್ಟಳು. ಅವನು ಚೀಟಿ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದ. ಹಣ ಹಾಕಿದ ಮೇಲೂ ಟ್ಯಾಗ್ ಏಕೆ ನಿಂತಿತು ಎಂಬುದೇ ಅವನ ಮೊದಲ ಪ್ರಶ್ನೆ.

"ದುಡ್ಡು ನೀವು ಹಾಕೋದು ಬ್ಯಾಂಕಿಗೆ. ನಾವು ಬ್ಯಾಂಕಿನ ಪೆಟ್ಟಿಗೆ ನೋಡಲ್ಲ. ನಮಗೆ ಒಂದು ಪಟ್ಟಿ ಬರತ್ತೆ, ಇಂತಿಂಥ ಟ್ಯಾಗ್ ಬಿಡಬೇಡಿ ಅಂತ. ನೀವು ಹಾಕಿದ್ದನ್ನ ಬ್ಯಾಂಕು ಮೇಲಿನವರಿಗೆ ತಿಳಿಸಬೇಕು, ಅವರು ನಿಮ್ಮ ಹೆಸರು ಪಟ್ಟಿಯಿಂದ ತೆಗೀಬೇಕು, ಆ ಹೊಸ ಪಟ್ಟಿ ನಮ್ಮ ಲೇನಿಗೆ ಇಳೀಬೇಕು. ಅಷ್ಟು ಹೊತ್ತು ನಿಮ್ಮ ಫೋನಿನಲ್ಲಿ ನೀವು ಸಾಹುಕಾರ, ನಮ್ಮ ಗೇಟಿನಲ್ಲಿ ದಿವಾಳಿ."

"ಸರಿ. ದಿವಾಳಿ ಅಂತ ಡಬಲ್ ಕೊಟ್ಟೆ. ಹಾಗಿದ್ರೆ ಟ್ಯಾಗಿಂದ ಯಾಕೆ ಹೋಯ್ತು?"

ಆಕೆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ನೀವು ನಡುವಿನ ಲೇನಿಂದ ಹಿಂದೆ ಸರಿದು, ಸುತ್ತಿ, ಕೊನೇ ಲೇನಿಗೆ ಹೋಗೋಷ್ಟರಲ್ಲಿ ಹೊಸ ಪಟ್ಟಿ ಬಂದಿರಬಹುದು. ಅಲ್ಲಿ ನಮ್ಮ ಹುಡುಗ ನೀವು ಕ್ಯಾಶ್ ಅಂತ ಮೊದಲೇ ಕ್ಯಾಶ್ ಒತ್ತಿರ್ತಾನೆ. ಮೇಲಿನ ರೀಡರ್‌ಗೆ ಅದು ಗೊತ್ತಿಲ್ಲ. ಅದರ ಕಣ್ಣಿಗೆ ಟ್ಯಾಗ್ ಬಿತ್ತು, ಓದ್ತು, ಬ್ಯಾಂಕಿಗೆ ಕಳಿಸ್ತು. ಬ್ಯಾಂಕಿನಲ್ಲಿ ದುಡ್ಡು ಇತ್ತು, ಕೊಟ್ರು. ಆಗಬಾರದು. ಆಗತ್ತೆ."

"ಚೀಟಿಯಲ್ಲಿ ಅರ್ಧ ಗಂಟೆ ಮೊದಲೇ ಇದೆಯಲ್ಲಮ್ಮ?"

"ಓದಿದ ಹೊತ್ತು ಬೇರೆ, ದುಡ್ಡು ಮುರಿದ ಹೊತ್ತು ಬೇರೆ. ಕೆಲವು ಸಲ ತಕ್ಷಣ, ಕೆಲವು ಸಲ ಗಂಟೆಗಟ್ಟಲೆ. ಸ್ಟೇಟ್‌ಮೆಂಟಿನಲ್ಲಿ ಯಾವುದು ಹಾಕ್ತಾರೆ ಅಂತ ನಿಮ್ಮ ಬ್ಯಾಂಕನ್ನ ಕೇಳಿ."

ಕನ್ನಡಿಗೆ ಎದೆಯ ಮೇಲಿಂದ ಒಂದು ಗಂಟು ಇಳಿದ ಹಾಗಾಯಿತು. "ಅಮ್ಮ, ಇದನ್ನೇ ಒಂದು ಕಾಗದದಲ್ಲಿ ಬರೆದು ಸೀಲು ಹಾಕಿ ಕೊಡ್ತೀರಾ? ಇಲ್ಲ, ಆ ದಿನದ ಕ್ಯಾಮೆರಾದ ಚಿತ್ರ ಇದ್ರೆ ಸಾಕು."

"ಎರಡೂ ಆಗಲ್ಲ." ಆಕೆಯ ದನಿಯಲ್ಲಿ ಗಡಸು ಇರಲಿಲ್ಲ, ಸಂದೇಹವೂ ಇರಲಿಲ್ಲ. "ದಾರಿಯಲ್ಲಿ ಹೋಗೋರಿಗೆಲ್ಲ ಚಿತ್ರ ಕೊಡೋಕೆ ಬರಲ್ಲ. ಟ್ಯಾಗ್ ಕೊಟ್ಟ ಬ್ಯಾಂಕಿಗೆ ದೂರು ಹಾಕಿ. ಅವರು ನಮ್ಮ ಟೋಲಿನ ಬ್ಯಾಂಕನ್ನ ಕೇಳ್ತಾರೆ, ಆ ಬ್ಯಾಂಕು ನಮ್ಮನ್ನ ಕೇಳತ್ತೆ, ಆಗ ನಾವು ಚಿತ್ರ ಕಳಿಸ್ತೀವಿ. ಬೇಗ ಹಾಕಿ. ಚಿತ್ರಗಳನ್ನ ನಾವು ಮೊಮ್ಮಕ್ಕಳ ಕಾಲದವರೆಗೂ ಇಟ್ಕೊಳ್ಳಲ್ಲ."

"ದೂರು ನಾನು ಹಾಕಬಹುದಾ?"

"ಟ್ಯಾಗ್ ಯಾರ ಫೋನ್ ನಂಬರಿನಲ್ಲಿದೆ?"

"ನಮ್ಮ ಯಜಮಾನಿಯವರದ್ದು."

"ಹಾಗಾದ್ರೆ ಅವರೇ ಹಾಕಬೇಕು" ಎಂದು ಹೇಳಿ ಆಕೆ ಚೀಟಿ ಹಿಂದಕ್ಕೆ ಕೊಟ್ಟಳು. "ಇದರ ಫೋಟೋ ಇವತ್ತೇ ತೆಗೆದಿಟ್ಕೊಳ್ಳಿ. ಈ ಕಾಗದದ ಅಕ್ಷರ ಬಿಸಿಲಿಗೆ ಹಾರಿಹೋಗತ್ತೆ."

ಬಸ್ಸಿನಲ್ಲಿ ಹಿಂದಕ್ಕೆ ಬರುವಾಗ ಅವನಿಗೆ ನಗುವೂ ಬಂತು, ಸಿಟ್ಟೂ ಬಂತು. ತಾನು ಸುಳ್ಳ ಅಲ್ಲ ಎಂದು ಯಾರಿಗೆ ತೋರಿಸಬೇಕೋ ಅವರೇ ತನ್ನ ಪರವಾಗಿ ದೂರು ಕೊಡಬೇಕು. ಮುಚ್ಚಿದ ಬಾಗಿಲಿನ ಕೀಲಿ ಬಾಗಿಲಿನ ಒಳಗೇ ಇತ್ತು.

ಮರುದಿನ ಊರೊಳಗಿನ ಸುತ್ತು ಮುಗಿಸಿ ನೇರ ಯಜಮಾನಿಯ ಕೋಣೆಗೆ ಹೋದ. ಅದು ಇಸ್ತ್ರಿಯ ವಿಭಾಗಕ್ಕೆ ಅಂಟಿಕೊಂಡ ಗಾಜಿನ ಕೋಣೆ. ಆಚೆ ಉದ್ದನೆಯ ಬಿಸಿ ಉರುಳೆಗಳ ನಡುವಿನಿಂದ ಹೊದಿಕೆಗಳು ಮಡಿಯಾಗಿ ಹೊರಬರುತ್ತಿದ್ದವು. ಮೂಲೆಯ ಮೇಜಿನಲ್ಲಿ ಮೇಷ್ಟ್ರು ಕೂತಿದ್ದರು.

"ಏನಪ್ಪಾ, ಊರೊಳಗೆ ಹೇಗಿದೆ?" ಎಂದು ಯಜಮಾನಿ ಕೇಳಿದಳು.

"ಚೆನ್ನಾಗಿದೆ ಅಕ್ಕಾವ್ರೇ. ನಾನು ಅದಕ್ಕೆ ಬಂದಿಲ್ಲ. ಆ ಟೋಲಿನ ವಿಷಯ."

"ಅದನ್ನ ಬಿಟ್ಟೆ ಅಂದ್ನಲ್ಲ."

"ನೀವು ಬಿಟ್ಟಿದ್ದೀರಿ. ನಾನು ಬಿಟ್ಟಿಲ್ಲ."

ಮೇಷ್ಟ್ರು ಕನ್ನಡಕದ ಮೇಲಿಂದ ನೋಡಿದರು. ಕನ್ನಡಿ ಟೋಲಿನಲ್ಲಿ ಕೇಳಿದ್ದನ್ನು ಒಂದೊಂದಾಗಿ ಹೇಳಿದ. ಪಟ್ಟಿಯ ವಿಷಯ ಬಂದಾಗ ಮೇಷ್ಟ್ರು ಪೆನ್ನು ಕೆಳಗಿಟ್ಟರು.

"ಆಗಬಹುದು. ಇಲ್ಲ ಅನ್ನಲ್ಲ" ಎಂದರು. "ಆದ್ರೆ ಆಗಬಹುದು ಅನ್ನೋದು ಒಂದು, ಆಗಿದೆ ಅನ್ನೋದು ಇನ್ನೊಂದು. ಪುರಾವೆ ಬೇಕು."

"ಅದನ್ನೇ ನಾನೂ ಹೇಳ್ತಿರೋದು ಮೇಷ್ಟ್ರೇ. ಪುರಾವೆ ತರ್ಸಿ. ತರ್ಸೋಕೆ ಅಕ್ಕಾವ್ರ ಫೋನು ಬೇಕು."

"ನನಗೆ ಬೇರೆ ಕೆಲಸ ಇಲ್ವಾ?" ಎಂದು ಯಜಮಾನಿ ಹೇಳಿದಳು. "ಈ ಚಿಲ್ಲರೆಗೆ ಬ್ಯಾಂಕಿನವರ ಹಾಡು ಕೇಳ್ತಾ ಕೂತ್ಕೊಳ್ಳಾ?"

"ದುಡ್ಡು ಚಿಲ್ಲರೆನೇ. ಅದು ನಿಮ್ಮ ಹತ್ರನೇ ಇರ್ಲಿ. ನೀವು ಹೈವೇ ಗಾಡಿ ತಿರುಗಿ ಕೊಡಿ ಅಂತಾನೂ ನಾನು ಕೇಳ್ತಿಲ್ಲ. ಒಂದು ದೂರು ಹಾಕಿ. ಚಿತ್ರ ಬರ್ಲಿ. ಅದ್ರಲ್ಲಿ ನಾನು ಸುಳ್ಳ ಅಂತ ಬಂದ್ರೆ, ನೀವು ಹೊಟ್ಟೆಗೆ ಹಾಕ್ಕೋಬೇಡಿ, ಅವತ್ತೇ ಕೆಲಸದಿಂದ ತೆಗೆದು ಹಾಕಿ."

ಆಕೆ ಅವನನ್ನು ಸ್ವಲ್ಪ ಹೊತ್ತು ನೋಡಿದಳು. ಆಚೆ ಒಂದು ಹೊದಿಕೆ ಸೊಟ್ಟಗೆ ಮಡಚಿಕೊಂಡು ಬಂತು, ಯಾರೋ ಅದನ್ನು ಎಳೆದು ಮತ್ತೆ ಒಳಕ್ಕೆ ಹಾಕಿದರು. "ಮೊಂಡ" ಎಂದು ಗೊಣಗಿ ಫೋನು ಕೈಗೆತ್ತಿಕೊಂಡಳು.

ಬ್ಯಾಂಕಿನ ಆ್ಯಪಿನಲ್ಲಿ ದೂರಿಗೆ ಒಂದು ಜಾಗವಿತ್ತು. ಓಟಿಪಿ ಬಂತು, ಒತ್ತಿದಳು. ಗಾಡಿಯ ನಂಬರು ತೋರಿಸಿತು, ಆ ದಿನದ ಕಡಿತ ತೋರಿಸಿತು. ದೂರಿನ ಕಾರಣ ಯಾವುದು ಎಂದು ಕೇಳಿತು. ಅಷ್ಟರಲ್ಲಿ ಆಸ್ಪತ್ರೆಯೊಂದರಿಂದ ಕರೆ ಬಂತು. ಮಾತಾಡುತ್ತಲೇ ಆಕೆ ಹೆಬ್ಬೆರಳಿನಿಂದ ಏನೋ ಒತ್ತಿದಳು, ಚೀಟಿಯ ಫೋಟೋ ಸೇರಿಸಿದಳು, ಕಳಿಸಿದಳು. "ಆಯ್ತು. ಇನ್ನು ನನ್ನ ತಲೆ ತಿನ್ಬೇಡ."

ಅವನು ತಲೆ ತಿನ್ನಲಿಲ್ಲ. ಆದರೆ ಪ್ರತಿದಿನ ಸಂಜೆ ಗಾಡಿಯ ಕೀಲಿ ಕೊಡಲು ಬಂದವನು ಗಾಜಿನ ಬಾಗಿಲಲ್ಲಿ ಒಂದು ಕ್ಷಣ ನಿಲ್ಲುತ್ತಿದ್ದ. ಏನೂ ಕೇಳುತ್ತಿರಲಿಲ್ಲ. ಆಕೆ ತಲೆಯಾಡಿಸಿ ಇಲ್ಲ ಎನ್ನುತ್ತಿದ್ದಳು, ಅವನು ಹೋಗುತ್ತಿದ್ದ. ಗಂಟು ಹೊರುವ ಹುಡುಗರು ಹಿಂದಿನಿಂದ, "ಕನ್ನಡಿಯಣ್ಣ, ಊರೊಳಗೆ ಚೀಟಿ ಸಿಗಲ್ವಲ್ಲ, ಜೀವನ ಹೇಗೆ?" ಎಂದು ಕೆಣಕುತ್ತಿದ್ದರು. ಮೊದಮೊದಲು ನಗುವಿನಲ್ಲಿ ವಿಷವಿರಲಿಲ್ಲ, ಆದರೆ ಹೇಳಿ ಹೇಳಿ ತಮಾಷೆಯೂ ಸತ್ಯದಂತೆ ಗಟ್ಟಿಯಾಗುತ್ತ ಬಂತು. ಹೊಸದಾಗಿ ಸೇರಿದವನೊಬ್ಬ ತನ್ನ ಊಟದ ಡಬ್ಬಿಯ ಪಕ್ಕ ಇಟ್ಟಿದ್ದ ಪರ್ಸನ್ನು ಕನ್ನಡಿ ಬಂದು ಕೂತ ಮೇಲೆ ಎತ್ತಿ ಜೇಬಿಗೆ ಹಾಕಿಕೊಂಡ. ಬೇಕೆಂದು ಮಾಡಿದ್ದೋ ಅಲ್ಲವೋ. ಕನ್ನಡಿ ತನ್ನ ಡಬ್ಬಿ ಮುಚ್ಚಿ ಎದ್ದ.

ಒಂದು ಸಂಜೆ ಆಕೆ ತಲೆಯಾಡಿಸುವ ಬದಲು ಒಳಗೆ ಕರೆದಳು.

"ಬಂತು. ದೂರು ತಿರಸ್ಕಾರ ಆಗಿದೆ." ಫೋನನ್ನು ಮೇಷ್ಟ್ರ ಕಡೆ ಚಾಚಿದಳು. ಅವರು ಓದಿದರು: "ವಾಹನವು ಟೋಲ್ ದಾಟಿರುವುದು ದೃಢಪಟ್ಟಿದೆ. ಕಡಿತ ಸರಿಯಾಗಿದೆ."

ಯಜಮಾನಿಯ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ, ಸಂಕಟವಿತ್ತು. ಇವನು ಕೊಟ್ಟ ಮಾತಿನ ಪ್ರಕಾರ ಇವನನ್ನು ಈಗ ಏನು ಮಾಡುವುದು ಎಂದು ಅವಳು ಯೋಚಿಸುತ್ತಿದ್ದುದು ಕಾಣುತ್ತಿತ್ತು.

ಕನ್ನಡಿ ನಿಂತಲ್ಲೇ ಆ ಎರಡು ವಾಕ್ಯಗಳನ್ನು ಮನಸ್ಸಿನಲ್ಲಿ ತಿರುವಿ ಹಾಕಿದ. ಗಾಡಿ ತಿರುಗಿಸಲು ಜಾಗ ಸಾಲದ ಓಣಿಯಲ್ಲಿ ಸಿಕ್ಕಿಕೊಂಡಾಗಲೂ ಅವನು ಹೀಗೆಯೇ, ಗಾಬರಿಯಾಗದೆ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ನೋಡುತ್ತಿದ್ದ.

"ಮೇಷ್ಟ್ರೇ, ಇನ್ನೊಂದ್ಸಲ ಓದಿ."

ಅವರು ಓದಿದರು.

"ನಾನು ದಾಟಿಲ್ಲ ಅಂದ್ನಾ?"

"ಅಂದ್ರೆ?"

"ದಾಟಿದೀನಿ. ಡಬಲ್ ಕೊಟ್ಟು ದಾಟಿದೀನಿ. ಇವ್ರು ದಾಟಿದ್ದಾನೆ ಅಂತ ಸಾಬೀತು ಮಾಡಿದಾರೆ. ನಾನು ಕೇಳಿದ್ದು ಅದಲ್ವಲ್ಲ. ಉಪ್ಪು ಕೇಳಿದ್ರೆ ಸುಣ್ಣ ಕೊಟ್ಟ ಹಾಗಾಯ್ತು."

ಮೇಷ್ಟ್ರ ಹುಬ್ಬು ಗಂಟಾಯಿತು. ಅವರು ಹಳೆಯ ದೂರನ್ನು ತೆರೆದು ನೋಡಿದರು. ಮೇಲೆ ಕಾರಣ ಎಂಬ ಕಡೆ ಬೆರಳಿಟ್ಟು ನಿಲ್ಲಿಸಿ, ಯಜಮಾನಿಯ ಕಡೆ ತಿರುಗಿದರು.

"ಇಲ್ಲಿ 'ನನ್ನ ವಾಹನ ಈ ಟೋಲ್ ದಾಟಿಲ್ಲ' ಅಂತ ಒತ್ತಿದ್ದೀರಿ."

"ನಾನಾ?"

"ಪಟ್ಟಿಯಲ್ಲಿ ಅದು ಮೊದಲನೇದು. 'ನಗದು ಕೊಟ್ಟರೂ ಟ್ಯಾಗಿನಿಂದ ಕಡಿತವಾಗಿದೆ' ಅನ್ನೋದು ಕೆಳಗಿದೆ. ಪ್ರಶ್ನೆ ತಪ್ಪಾದ್ರೆ ಉತ್ತರ ಸರಿಯಿದ್ದೂ ಪ್ರಯೋಜನ ಇಲ್ಲ. ನಾನು ಮಕ್ಕಳಿಗೆ ಎಷ್ಟು ಸಲ ಹೇಳಿದ್ದೀನೋ."

ಯಜಮಾನಿ ಕೆಂಪಾದಳು. ಆಸ್ಪತ್ರೆಯ ಕರೆ, ಹೆಬ್ಬೆರಳು, ಎಲ್ಲ ಅವಳಿಗೂ ನೆನಪಾಗಿರಬೇಕು. "ಹಾಗಾದ್ರೆ ಮತ್ತೆ ಹಾಕಿ. ಈ ಸಲ ನೀವೇ ಒತ್ತಿ, ನಾನು ಓಟಿಪಿ ಹೇಳ್ತೀನಿ" ಎಂದು ಫೋನನ್ನು ಮೇಷ್ಟ್ರಿಗೇ ಕೊಟ್ಟಳು. ಮೇಷ್ಟ್ರು ಪರೀಕ್ಷೆಯ ಹಾಳೆ ತುಂಬುವ ಹಾಗೆ ಪ್ರತಿಯೊಂದನ್ನೂ ಎರಡೆರಡು ಸಲ ಓದಿ ಒತ್ತಿದರು. ವಿವರ ಬರೆಯುವ ಜಾಗದಲ್ಲಿ ನಿಂತು ಕನ್ನಡಿಯನ್ನು ಕೇಳಿದರು.

"ಏನು ಬರೀಲಿ?"

"ಟ್ಯಾಗ್ ಓದಿದ ಹೊತ್ತು ಯಾವುದು, ಯಾವ ಲೇನು, ಆ ಹೊತ್ತಿನ ಚಿತ್ರ. ಮೂರೂ ಕಳಿಸಿ ಅಂತ ಬರೀರಿ. ತಿರಸ್ಕಾರ ಮಾಡಿದ್ರೂ ಪರವಾಗಿಲ್ಲ, ಚಿತ್ರ ಇಟ್ಟು ತಿರಸ್ಕಾರ ಮಾಡಿ ಅಂತ ಬರೀರಿ."

ಬ್ಯಾಂಕು ಒಂದು ವಾರ ಎಂದಿತು, ಆಮೇಲೆ ಇನ್ನಷ್ಟು ದಿನ ಎಂದಿತು. ಈ ಸಲ ಬಾಗಿಲಲ್ಲಿ ನಿಲ್ಲುವ ಕೆಲಸ ಕನ್ನಡಿಗೆ ಇರಲಿಲ್ಲ. ಯಜಮಾನಿಯೇ ದಿನಕ್ಕೊಮ್ಮೆ ಬ್ಯಾಂಕಿಗೆ ಫೋನು ಮಾಡುತ್ತಿದ್ದಳು. ಹಾಡು ಕೇಳುತ್ತ, ಒಂದನ್ನು ಒತ್ತಿ, ಮೂರನ್ನು ಒತ್ತಿ, ಕೊನೆಗೆ ಸಿಕ್ಕ ಮನುಷ್ಯನಿಗೆ ದೂರಿನ ನಂಬರು ಹೇಳುತ್ತಿದ್ದಳು. ಒಮ್ಮೆ ಆ ಕಡೆಯವನು, "ಮೇಡಂ, ಇಷ್ಟು ಸಣ್ಣ ಮೊತ್ತಕ್ಕೆ" ಎಂದು ಶುರು ಮಾಡಿದ್ದು ಗಾಜಿನಾಚೆಗೂ ಕೇಳಿತು. ಆಕೆ, "ಮೊತ್ತ ನಿಮಗೆ ಸಣ್ಣದು. ನಮ್ಮ ಡ್ರೈವರ್‌ಗೆ ಅಲ್ಲ" ಎಂದಳು. ಇಸ್ತ್ರಿಯ ಬಳಿ ನಿಂತಿದ್ದ ಕನ್ನಡಿ ಕೇಳಿಸದವನ ಹಾಗೆ ಬೇರೆ ಕಡೆ ತಿರುಗಿದ.

ಚಿತ್ರ ಬಂದದ್ದು ಒಂದು ಮಧ್ಯಾಹ್ನ. ಟೋಲಿನ ಬ್ಯಾಂಕು ಕಳಿಸಿದ್ದನ್ನು ಇವರ ಬ್ಯಾಂಕು ಹಾಗೆಯೇ ದಾಟಿಸಿತ್ತು. ಮೇಷ್ಟ್ರು ಅದನ್ನು ಕಂಪ್ಯೂಟರಿನ ಪರದೆಗೆ ಹಾಕಿ ದೊಡ್ಡದು ಮಾಡಿದರು. ಮೇಲಿನ ಮೂಲೆಯಿಂದ ತೆಗೆದ ಬಣ್ಣಗೆಟ್ಟ ಚಿತ್ರ. ವ್ಯಾನಿನ ಮುಂಭಾಗ, ನಂಬರು ಸ್ಪಷ್ಟ. ಕೆಳಗೆ ಲೇನಿನ ಸಂಖ್ಯೆ, ಕೊನೆಯ ಲೇನು. ಅದರ ಪಕ್ಕ ಟ್ಯಾಗ್ ಓದಿದ ಸಮಯ.

ಮೇಷ್ಟ್ರು ಚೀಟಿಯನ್ನು ಪರದೆಯ ಪಕ್ಕ ಹಿಡಿದರು. ಚೀಟಿಯಲ್ಲೂ ಅದೇ ಲೇನು, ಅದೇ ಗಂಟೆ, ಅದೇ ನಿಮಿಷ. ಅರ್ಧ ಗಂಟೆಯ ನಂತರದ್ದು ಬ್ಯಾಂಕಿನಲ್ಲಿ ದುಡ್ಡು ಮುರಿದ ಹೊತ್ತು, ಅಷ್ಟೇ.

"ಒಂದು ಲೇನಿನಲ್ಲಿ ಒಂದು ಹೊತ್ತಿನಲ್ಲಿ ಎರಡು ಗಾಡಿ ನಿಲ್ಲೋಕಾಗಲ್ಲ" ಎಂದು ಮೇಷ್ಟ್ರು ನಿಧಾನವಾಗಿ ಹೇಳಿದರು, ಕರಿಹಲಗೆಯ ಮುಂದೆ ನಿಂತಂತೆ. "ಹಾಗಾಗಿ ಈ ಚೀಟಿ ಬೇರೆ ಗಾಡಿಯದ್ದಾಗಿರೋಕೆ ಸಾಧ್ಯ ಇಲ್ಲ. ಸೊನ್ನೆ ಇದ್ರೂ ಇದು ನಮ್ಮ ಗಾಡಿಯದ್ದೇ." ಸ್ವಲ್ಪ ತಡೆದು, "ತಪ್ಪು ನನ್ನದು. ಎರಡು ಬೇರೆ ಬೇರೆ ಹೊತ್ತನ್ನ ಒಂದೇ ಅಂತ ತಿಳ್ಕೊಂಡು ಲೆಕ್ಕ ಕಟ್ಟಿದೆ. ಕಟ್ಟಿದ ಮೇಲೆ ಅದು ಎಷ್ಟು ಚೆನ್ನಾಗಿ ನಿಂತಿತ್ತು ಅಂದ್ರೆ, ಅಡಿಪಾಯ ನೋಡೋಕೆ ಮನಸ್ಸೇ ಬರ್ಲಿಲ್ಲ" ಎಂದರು.

ಯಜಮಾನಿ ಲೆಕ್ಕ ಕೇಳುತ್ತಿರಲಿಲ್ಲ. ಅವಳು ಪರದೆಗೆ ಮುಖ ಹತ್ತಿರ ತಂದು ವ್ಯಾನಿನ ಕಿಟಕಿ ನೋಡುತ್ತಿದ್ದಳು. ಅಲ್ಲಿಂದ ಒಂದು ತೋಳು ಹೊರಗೆ ಚಾಚಿತ್ತು. ಬೂತಿನ ಕಡೆಯಿಂದ ಇನ್ನೊಂದು ಕೈ ಬಂದಿತ್ತು. ಎರಡರ ನಡುವೆ ಮಡಚಿದ ನೋಟುಗಳು. ಇಬ್ಬರೂ ಅದನ್ನು ಹಿಡಿದಿದ್ದರು, ಯಾರೂ ಇನ್ನೂ ಬಿಟ್ಟಿರಲಿಲ್ಲ.

"ಇದು ನಿನ್ನ ಕೈ" ಎಂದಳು.

"ಹೌದು ಅಕ್ಕಾವ್ರೇ."

"ಆ ದುಡ್ಡು ಎಲ್ಲಿಂದ ತಂದಿದ್ದೆ?"

"ಮನೆಯವಳು ಹೊಲಿಗೆಯ ದಾರ ತರೋಕೆ ಕೊಟ್ಟಿದ್ದು. ಕೊಟ್ಟಿದ್ದು ಅದೇ ದುಡ್ಡು ಅಂತ ಅವಳಿಗೆ ಇನ್ನೂ ಹೇಳಿಲ್ಲ."

ಆಕೆ ನಗಲು ಹೋದಳು, ಆಗಲಿಲ್ಲ. ಮೇಷ್ಟ್ರು ಎದ್ದು ನಿಂತು, ನಾನೇ ಇವತ್ತು ಈ ದುಡ್ಡು ಕೊಡಿಸುತ್ತೇನೆ ಎಂದು ಡ್ರಾ ಎಳೆದರು. ಟ್ಯಾಗಿನ ಹಣ ಬ್ಯಾಂಕಿನಿಂದ ಇನ್ನೂ ಹಿಂದಕ್ಕೆ ಬಂದಿರಲಿಲ್ಲ, ಯಾವಾಗ ಬರುವುದೋ ಗೊತ್ತಿರಲಿಲ್ಲ. ಯಜಮಾನಿ ಹೈವೇ ವ್ಯಾನಿನ ಕೀಲಿಯನ್ನು ಗೂಟದಿಂದ ತೆಗೆದು ಮೇಜಿನ ಮೇಲಿಟ್ಟಳು.

"ನಾಳೆಯಿಂದ ನೀನೇ ಹೋಗು."

ಕನ್ನಡಿ ದುಡ್ಡನ್ನು ಎಣಿಸದೆ ಜೇಬಿಗೆ ಹಾಕಿದ. ಕೀಲಿಯನ್ನು ಮುಟ್ಟಲಿಲ್ಲ.

"ಇನ್ನೇನು?" ಎಂದು ಆಕೆ ಕೇಳಿದಳು.

"ಅಕ್ಕಾವ್ರೇ, ನೀವು ನನ್ನನ್ನ ಇಲ್ಲಿ ಕ್ಷಮಿಸಲಿಲ್ಲ. ಅಲ್ಲಿ ಕ್ಷಮಿಸಿದ್ರಿ." ಗಾಜಿನಾಚೆಗೆ ಕೈ ತೋರಿಸಿದ. ಅಲ್ಲಿ ಗಂಟು ಹೊರುವವರು, ಮಡಚುವವರು, ಉರುಳೆಯ ಬಳಿಯವರು ಎಲ್ಲ ಕೆಲಸದಲ್ಲಿದ್ದರು.

ಯಜಮಾನಿ ಕುರ್ಚಿಯ ಬೆನ್ನು ಹಿಡಿದು ಸ್ವಲ್ಪ ಹೊತ್ತು ನಿಂತಳು. ಗಂಡ ಹೋದ ಮೇಲೆ ಒಬ್ಬಳೇ ಈ ಲಾಂಡ್ರಿ ನಡೆಸಿಕೊಂಡು ಬಂದವಳು. ಕೆಲಸದವರ ಮುಂದೆ ಒಮ್ಮೆ ತಲೆ ಬಗ್ಗಿಸಿದರೆ ಮತ್ತೆ ಎತ್ತಲು ಬರುವುದಿಲ್ಲ ಎಂದು ಯಾರೋ ಅವಳಿಗೆ ಬಹಳ ಹಿಂದೆ ಹೇಳಿಕೊಟ್ಟಿದ್ದರು, ಅವಳು ಅದನ್ನು ನಂಬಿಕೊಂಡು ಬಂದಿದ್ದಳು. ಕನ್ನಡಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಅವನು ಕೈಯನ್ನು ಕೆಳಗಿಳಿಸಲಿಲ್ಲ.

ಆಕೆ ಬಾಗಿಲು ತೆರೆದು ಹೊರಗೆ ಹೋದಳು. ಒಗೆಯುವ ಡ್ರಮ್ಮುಗಳು, ಒಣಗಿಸುವ ಯಂತ್ರಗಳು, ಉರುಳೆಗಳು ಒಟ್ಟಿಗೆ ಮೊರೆಯುತ್ತಿದ್ದವು.

"ಎಲ್ರೂ ಇಲ್ಲಿ ಕೇಳಿ" ಎಂದಳು. ಹತ್ತಿರದ ಇಬ್ಬರು ತಿರುಗಿದರು. "ಕನ್ನಡಿ ಆ ದಿನ ದುಡ್ಡು ಕೊಟ್ಟಿದ್ದು ನಿಜ. ನಾನು ತಪ್ಪು ತಿಳ್ಕೊಂಡೆ."

ಆ ತುದಿಯಲ್ಲಿ ಮಡಚುತ್ತಿದ್ದ ಹೆಂಗಸು ಕಿವಿಯ ಹಿಂದೆ ಕೈಯಿಟ್ಟು, "ಏನಂದ್ರಿ? ಕೇಳಿಸ್ಲಿಲ್ಲ" ಎಂದಳು. ಅದರಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೂ ಕೇಳಿಸಿರಲಿಲ್ಲ.

ಯಜಮಾನಿ ಒಮ್ಮೆ ಕನ್ನಡಿಯ ಕಡೆ ನೋಡಿದಳು. ಆಮೇಲೆ ಗೋಡೆಯ ಬಳಿ ಹೋಗಿ ಸ್ವಿಚ್ಚುಗಳನ್ನು ಒಂದೊಂದಾಗಿ ಇಳಿಸಿದಳು. ಡ್ರಮ್ಮಿನಲ್ಲಿ ಅರ್ಧ ಒಗೆದ ಬಟ್ಟೆ ಇರುವಾಗ ಯಂತ್ರ ನಿಲ್ಲಿಸಿದ್ದನ್ನು ಯಾರೂ ನೋಡಿರಲಿಲ್ಲ. ಡ್ರಮ್ಮುಗಳು ಎರಡು ಸುತ್ತು ತಿರುಗಿ, ನೀರು ಕುಲುಕಿ ನಿಂತವು. ಎಲ್ಲರ ಕೈಗಳೂ ನಿಂತವು. ಅಂಥ ನಿಶ್ಶಬ್ದದಲ್ಲಿ ಎಲ್ಲೋ ಒಂದು ನಲ್ಲಿ ತೊಟ್ಟಿಕ್ಕುವುದು ಕೂಡ ಕೇಳಿಸುತ್ತಿತ್ತು.

ಆಕೆ ಇನ್ನೊಮ್ಮೆ ಹೇಳಿದಳು. ಈ ಸಲ ಮೊದಲಿನಿಂದ ಹೇಳಿದಳು. ಟೋಲಿನಲ್ಲಿ ಟ್ಯಾಗ್ ಯಾಕೆ ನಿಂತಿತು, ಅವನು ಎಷ್ಟು ಕೊಟ್ಟ, ಆಮೇಲೆ ಹೇಗೆ ಎರಡನೇ ಸಲ ಮುರಿಯಿತು, ಚಿತ್ರದಲ್ಲಿ ಏನು ಕಂಡಿತು. "ಅವನು ಸುಳ್ಳು ಹೇಳಿರ್ಲಿಲ್ಲ. ನಾನು ಹೇಳಿದ ಮಾತು ತಪ್ಪು. ನಿಮ್ಮೆಲ್ಲರ ಮುಂದೆ ಹೇಳಿದ್ದೆ, ಅದಕ್ಕೇ ನಿಮ್ಮೆಲ್ಲರ ಮುಂದೆ ವಾಪಸ್ ತಗೋತಿದ್ದೀನಿ."

ಚೀಟಿಯ ತಮಾಷೆ ಮಾಡುತ್ತಿದ್ದ ಹುಡುಗ ಹೆಗಲ ಮೇಲಿನ ಗಂಟನ್ನು ಇಳಿಸುವುದೋ ಬೇಡವೋ ತಿಳಿಯದೆ ಹಾಗೆಯೇ ಹೊತ್ತು ನಿಂತಿದ್ದ.

ಕನ್ನಡಿ ಒಳಗೆ ಹೋಗಿ ಮೇಜಿನ ಮೇಲಿದ್ದ ಕೀಲಿಯನ್ನು ತೆಗೆದುಕೊಂಡು ಬಂದ. "ಯಂತ್ರ ಹಾಕಿ ಅಕ್ಕಾವ್ರೇ" ಎಂದ. "ನಾಳೆ ಬೆಳಗ್ಗೆ ಎಂಟು ಶಸ್ತ್ರಚಿಕಿತ್ಸೆ ಇವೆಯಂತೆ. ಬಟ್ಟೆ ಹಸಿಯಾಗಿ ಹೋದ್ರೆ ಆ ನರ್ಸಮ್ಮ ನನ್ನನ್ನ ಬಿಡಲ್ಲ."